ಜೊಲ್ಲು, ಗಂಜಿ, ಅಯೋಡಿನ್: ಬಿಸಿ ಹೆಚ್ಚಾದರೆ ಕಿಣ್ವದ ಬೀಗಕ್ಕೆ ಏನಾಗುತ್ತದೆ, ಮನೆಯಲ್ಲೇ ನೋಡಿ

"ಮೌಶಿ, ಕುದಿಯೋ ನೀರಾಗ ಇಟ್ಟಿದ್ದು ಎಲ್ಲಕ್ಕಿಂತ ಜಲ್ದಿ ಆತು ನೋಡ್ರಿ!"

ಒಂಬತ್ತನೇ ತರಗತಿಯ ಹುಡುಗ ಪುಟ್ಟ ಗಾಜಿನ ಬಾಟಲಿಯನ್ನು ಚಿಮಟದಲ್ಲಿ ಹಿಡಿದು ನನ್ನ ಮುಂದೆ ತಂದ. ಒಳಗೆ ಗಂಜಿ ತಿಳಿ, ಜೊಲ್ಲು, ಅಯೋಡಿನ್ ಮೂರೂ ಇದ್ದವು. ನೀಲಿ ಇರಬೇಕಾದ ನೀರು ತಿಳಿ ಹಳದಿಯಾಗಿತ್ತು. ಪುಣೆಯ ಕೋಥ್ರುಡ್‌ನಲ್ಲಿ ನಮ್ಮ ಸೊಸೈಟಿಯ ಕನ್ನಡದ ಮಕ್ಕಳು ಭಾನುವಾರ ನಮ್ಮ ಮನೆಗೆ ಬರುತ್ತಾರೆ, ಪಾಠದಲ್ಲಿ ಓದಿದ್ದನ್ನು ಅಡುಗೆಮನೆಯಲ್ಲಿ ಮಾಡಿ ನೋಡುತ್ತೇವೆ. ಅವತ್ತಿನ ವಿಷಯ ಕಿಣ್ವ, ಅಂದರೆ ಮೈಯಲ್ಲಿ ರಾಸಾಯನಿಕ ಕೆಲಸಗಳನ್ನು ಬೇಗ ಮಾಡಿಸುವ ಪ್ರೋಟೀನ್. ಗಂಜಿಯಲ್ಲಿರುವ ಪಿಷ್ಟಕ್ಕೆ ಅಯೋಡಿನ್ ಸೇರಿದರೆ ನೀಲಿ, ಜೊಲ್ಲಿನ ಕಿಣ್ವ ಪಿಷ್ಟವನ್ನು ತುಂಡರಿಸಿಬಿಟ್ಟರೆ ನೀಲಿ ಇಲ್ಲ. ಬಿಸಿ ಹೆಚ್ಚಾದರೆ ಕಿಣ್ವ ಕೆಡುತ್ತದೆ ಅಂತ ಪುಸ್ತಕ ಹೇಳುತ್ತದೆ. ಹುಡುಗನ ಬಾಟಲಿ ಅದರ ಉಲ್ಟಾ ಹೇಳುತ್ತಿತ್ತು.

"ಬಾಟಲಿ ನಳದ ಕೆಳಗ ಹಿಡಿ, ತಣ್ಣಗಾಗಲಿ" ಅಂದೆ. ಎರಡು ನಿಮಿಷಕ್ಕೆ ಹಳದಿ ನೀರು ಮತ್ತೆ ಕಡು ನೀಲಿಯಾಯಿತು. ಪಿಷ್ಟ ಎಲ್ಲೂ ಹೋಗಿರಲಿಲ್ಲ, ಪೂರ್ತಿ ಹಾಗೇ ಇತ್ತು.

ಈ ಒಂದು ತಪ್ಪನ್ನು ಬಹಳ ಜನ ಮಾಡುತ್ತಾರೆ. ಅದಕ್ಕೇ ಪ್ರಯೋಗವನ್ನು ಸರಿಯಾಗಿ ಮಾಡುವ ಬಗೆಯನ್ನು ಮೊದಲಿಂದ ಬರೆಯುತ್ತಿದ್ದೇನೆ. ಒಂದು ರಜೆಯ ಬೆಳಿಗ್ಗೆ ಸಾಕು.

ಏನು ಬೇಕು

ಕಾರ್ನ್‌ಫ್ಲೋರ್ ಎಲ್ಲರ ಮನೆಯಲ್ಲೂ ಇರುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಸಿಗುತ್ತದೆ. ಮುಲಾಮು ಬೇಡ, ನೀರಿನಂತಿರುವ ದ್ರಾವಣ ಕೇಳಿ. ಅಲ್ಲೇ ಸೂಜಿ ಇಲ್ಲದ 5 ಮಿಲಿ ಸಿರಿಂಜ್ ಮೂರು ತನ್ನಿ. ಹೋಮಿಯೋಪಥಿ ಗುಳಿಗೆಯ ಪುಟ್ಟ ಗಾಜಿನ ಬಾಟಲಿಗಳು ಮನೆಯಲ್ಲಿ ಬಿದ್ದಿದ್ದರೆ ಅವೇ ಪ್ರನಾಳಗಳು. ಹನಿ ಪರೀಕ್ಷೆಗೆ ಬಿಳಿ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಸಾಕು. ಊಟದ ತಟ್ಟೆ ಬಳಸಬೇಡಿ, ಅಯೋಡಿನ್ ಹೊಟ್ಟೆಗೆ ಹೋಗಬಾರದು.

ದುಡ್ಡು ಕೊಟ್ಟು ತರಬೇಕಾದ ಇನ್ನೊಂದು ವಸ್ತು ಥರ್ಮಾಮೀಟರ್. ಜ್ವರದ ಥರ್ಮಾಮೀಟರ್ 42 ಡಿಗ್ರಿಗೆ ನಿಂತುಬಿಡುತ್ತದೆ. ಗಾಜಿನದಾದರೆ ಬಿಸಿನೀರಲ್ಲಿ ಒಡೆದೇ ಹೋಗಬಹುದು. ಶಾಲೆಯ ಪ್ರಯೋಗಾಲಯಕ್ಕೆ ಸಾಮಾನು ಮಾರುವ ಅಂಗಡಿಯಲ್ಲಿ 110 ಡಿಗ್ರಿವರೆಗಿನದು ಸಿಗುತ್ತದೆ. ಪಾದರಸದ್ದು ಬೇಡ, ಕೆಂಪು ಸ್ಪಿರಿಟ್ ಇರುವುದು ತನ್ನಿ.

ಗಂಜಿ, ಜೊಲ್ಲು, ಅಯೋಡಿನ್ ಹದ ಮಾಡಿಕೊಳ್ಳುವುದು

ಕಾರ್ನ್‌ಫ್ಲೋರ್ ಸಪಾಟಾಗಿ ಅರ್ಧ ಟೀ ಚಮಚ ತೆಗೆದುಕೊಳ್ಳಿ. ಸ್ವಲ್ಪ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಕಾಲು ಲೀಟರ್ ಕುದಿಯುವ ನೀರಿಗೆ ಸುರಿದು ಎರಡು ನಿಮಿಷ ಕುದಿಸಿ. ಹಾಲಿನಂತಿದ್ದ ನೀರು ತಿಳಿಯಾಗುತ್ತ ಬರಬೇಕು. ಹಸಿ ಹಿಟ್ಟಿನಲ್ಲಿ ಪಿಷ್ಟ ಬಿಗಿಯಾದ ಕಾಳಿನ ರೂಪದಲ್ಲಿ ಇರುತ್ತದೆ, ಜೊಲ್ಲಿನ ಕಿಣ್ವಕ್ಕೆ ಅದರೊಳಗೆ ಸುಲಭಕ್ಕೆ ದಾರಿ ಸಿಗುವುದಿಲ್ಲ. ಕುದಿದಾಗ ಕಾಳು ಉಬ್ಬಿ ಬಿರಿದು ಪಿಷ್ಟದ ಎಳೆಗಳು ಹೊರಗೆ ಬರುತ್ತವೆ. ಹಸಿ ಹಿಟ್ಟು ಕದಡಿ ಪ್ರಯೋಗ ಮಾಡಿದವರಿಗೆ ಅರ್ಧ ಗಂಟೆ ಕಾದರೂ ಬಣ್ಣ ಬದಲಾಗದೇ ಇರುವುದು ಇದಕ್ಕೇ.

ಬಾಯಿ ಚೆನ್ನಾಗಿ ಮುಕ್ಕಳಿಸಿ. ಐದು ನಿಮಿಷ ಬಿಟ್ಟು ಒಂದು ಮಿಲಿಯಷ್ಟು ಜೊಲ್ಲನ್ನು ಲೋಟಕ್ಕೆ ಉಗುಳಿ. ಬಾಯಲ್ಲಿ ನೀರೂರಲಿ ಅಂತ ಹುಣಸೆಹಣ್ಣೋ ನಿಂಬೆಯೋ ಚೀಪಬೇಡಿ. ಹುಳಿ ಈ ಕಿಣ್ವಕ್ಕೆ ಆಗಿಬರುವುದಿಲ್ಲ, ಜೊತೆಗೆ ನಿಂಬೆಯ ಸಿ ಜೀವಸತ್ವ ಅಯೋಡಿನ್ ಬಣ್ಣವನ್ನೇ ಕಳೆದುಬಿಡುತ್ತದೆ. ಆ ಒಂದು ಮಿಲಿಗೆ ಒಂಬತ್ತು ಮಿಲಿ ನೀರು, ಒಂದು ಚಿಟಿಕೆ ಉಪ್ಪು ಸೇರಿಸಿ. ಈ ಕಿಣ್ವ ಚುರುಕಾಗಿರಲು ಉಪ್ಪಿನಲ್ಲಿರುವ ಕ್ಲೋರೈಡ್ ಬೇಕು. ಫಿಲ್ಟರ್ ನೀರಲ್ಲಿ ತೆಳು ಮಾಡಿದರೆ ಅದು ಕಡಿಮೆಯಾಗಿ ಕೆಲಸ ಸುಮ್ನೆ ನಿಧಾನವಾಗುತ್ತದೆ. ಪ್ರತಿಯೊಬ್ಬರೂ ತಮ್ಮ ಜೊಲ್ಲನ್ನು ಮಾತ್ರ ಮುಟ್ಟಲಿ.

ಅಯೋಡಿನ್ ದ್ರಾವಣಕ್ಕೆ ನೀರು ಬೆರೆಸಿ, ಹಾಲು ಹಾಕದ ತಿಳಿ ಚಹಾದ ಬಣ್ಣಕ್ಕೆ ತನ್ನಿ. ಮುಚ್ಚಳದ ಮೇಲೆ ಅದರ ಹನಿಗಳನ್ನು ಸಾಲಾಗಿ ಇಡಿ. ಒಂದು ಹನಿ, ಒಂದು ನಿಮಿಷ ಅಂತ ಲೆಕ್ಕ.

ಮೊದಲ ಓಟ 37 ಡಿಗ್ರಿಯಲ್ಲಿ ಇರಲಿ. ದೊಡ್ಡ ಪಾತ್ರೆಯಲ್ಲಿ ಮೂರು ಲೀಟರ್ ನೀರನ್ನು 37ಕ್ಕೆ ತನ್ನಿ. ಪಾತ್ರೆ ದೊಡ್ಡದಿದ್ದಷ್ಟೂ ತಾಪ ನಿಧಾನವಾಗಿ ಇಳಿಯುತ್ತದೆ, ಇಳಿದಾಗ ಒಂದು ಲೋಟ ಬಿಸಿನೀರು ಸೇರಿಸಿದರಾಯಿತು. ಒಂದು ಬಾಟಲಿಯಲ್ಲಿ 5 ಮಿಲಿ ಗಂಜಿ, ಇನ್ನೊಂದರಲ್ಲಿ 1 ಮಿಲಿ ತೆಳು ಜೊಲ್ಲು ಹಾಕಿ, ಎರಡನ್ನೂ ಬೇರೆ ಬೇರೆಯಾಗಿಯೇ ಆ ನೀರಲ್ಲಿ ಐದು ನಿಮಿಷ ಇಡಿ. ಇದನ್ನು ಬಿಟ್ಟುಬಿಟ್ಟರೆ ಮುಂದಿನ ಲೆಕ್ಕ ಯಾವುದೂ ನಂಬುವ ಹಾಗಿರುವುದಿಲ್ಲ. ತಣ್ಣನೆಯ ಗಂಜಿಗೆ ಬಿಸಿ ಜೊಲ್ಲು ಸುರಿದರೆ ನೀವು ಬರೆದುಕೊಂಡ ತಾಪ ಬೇರೆ, ಬಾಟಲಿಯೊಳಗಿನ ತಾಪ ಬೇರೆ ಆಗುತ್ತದೆ. ಐದು ನಿಮಿಷ ಆದಮೇಲೆ ಬೆರೆಸಿ ಗಡಿಯಾರ ನೋಡಿ. ಪ್ರತಿ ನಿಮಿಷಕ್ಕೆ ಒಂದು ಹನಿ ತೆಗೆದು ಒಂದೊಂದು ಅಯೋಡಿನ್ ಹನಿಯ ಮೇಲೆ ಬಿಡಿ.

ಮೊದಲ ಹನಿ ಕಡು ನೀಲಿ. ಆಮೇಲೆ ನೇರಳೆ, ಆಮೇಲೆ ಕೆಂಪು ಕಂದು. ಕೊನೆಗೆ ಅಯೋಡಿನ್ ತನ್ನ ಚಹಾ ಬಣ್ಣದಲ್ಲೇ ಉಳಿಯುತ್ತದೆ. ಪಿಷ್ಟ ಅಂದರೆ ಗ್ಲುಕೋಸ್ ಮಣಿಗಳನ್ನು ಪೋಣಿಸಿದ ಉದ್ದದ ಸರ. ಆ ಸರ ಸುರುಳಿ ಸುತ್ತಿಕೊಂಡಿರುತ್ತದೆ. ಅಯೋಡಿನ್ ಸುರುಳಿಯ ಒಳಗೆ ಸೇರಿಕೊಂಡಾಗ ನೀಲಿ ಬಣ್ಣ. ಕಿಣ್ವ ಸರವನ್ನು ತುಂಡರಿಸುತ್ತ ಹೋದಂತೆ ಸುರುಳಿ ಗಿಡ್ಡವಾಗಿ ಬಣ್ಣ ನೇರಳೆಗೆ, ಕೆಂಪಿಗೆ ಜಾರುತ್ತದೆ. ತುಂಡುಗಳು ತೀರಾ ಸಣ್ಣದಾದಾಗ ಅಯೋಡಿನ್‌ಗೆ ಕೂರಲು ಜಾಗವೇ ಇಲ್ಲ. ಬಣ್ಣ ಬದಲಾಗದ ಮೊದಲ ಹನಿಯ ನಿಮಿಷವೇ ನಿಮ್ಮ ಉತ್ತರ.

ಹುಡುಗನ ಬಾಟಲಿಯಲ್ಲಿ ಏನಾಗಿತ್ತು ಅಂತ ಈಗ ಗೊತ್ತಾಗುತ್ತದೆ ಅಲ್ವಾ? ಅವನು ಹನಿ ತೆಗೆಯುವ ಬದಲು ಅಯೋಡಿನ್ನನ್ನೇ ಬಿಸಿ ಬಾಟಲಿಗೆ ಹಾಕಿದ್ದ. ಬಿಸಿಯಲ್ಲಿ ಪಿಷ್ಟದ ಸುರುಳಿ ಸಡಿಲವಾಗಿ ಅಯೋಡಿನ್ ಆಚೆ ಬರುತ್ತದೆ, ನೀಲಿ ಮಾಯವಾಗುತ್ತದೆ. ತಣ್ಣಗಾದರೆ ಸುರುಳಿ ಮತ್ತೆ ಕಟ್ಟಿಕೊಂಡು ನೀಲಿ ವಾಪಸ್ ಬರುತ್ತದೆ. ಅದರಲ್ಲಿ ಕಿಣ್ವದ ಕೈವಾಡ ಏನೂ ಇಲ್ಲ. ಅದಕ್ಕೇ ಹನಿಯನ್ನು ತೆಗೆದು, ತಣ್ಣನೆಯ ಮುಚ್ಚಳದ ಮೇಲೆ ಅಯೋಡಿನ್‌ಗೆ ಸೇರಿಸಬೇಕು.

ಇನ್ನೊಂದು ಮೋಸವೂ ಇದೆ. ಜೊಲ್ಲು ಜಾಸ್ತಿ ಇದ್ದರೆ ಅದರಲ್ಲಿರುವ ಬೇರೆ ವಸ್ತುಗಳು ಅಯೋಡಿನ್ನನ್ನೇ ಸ್ವಲ್ಪ ಸ್ವಲ್ಪ ನುಂಗುತ್ತವೆ. ಕೊನೆಯ ಹನಿಯ ಮೇಲೆ ಒಂದು ತೊಟ್ಟು ಹೊಸ ಗಂಜಿ ಬಿಟ್ಟು ನೋಡಿ. ತಕ್ಷಣ ನೀಲಿಯಾದರೆ ಅಯೋಡಿನ್ ಇದೆ, ಮೊದಲಿನ ಪಿಷ್ಟ ನಿಜವಾಗಿಯೂ ಮುಗಿದಿದೆ. ನೀಲಿ ಬರದಿದ್ದರೆ ಮುಗಿದಿರುವುದು ಅಯೋಡಿನ್. ಜೊಲ್ಲಿನ ಬದಲು ಬರೀ ಉಪ್ಪುನೀರು ಹಾಕಿದ ಒಂದು ಬಾಟಲಿಯನ್ನೂ ಪಕ್ಕದಲ್ಲಿ ಇಟ್ಟಿರಿ. ಅದು ಕೊನೆತನಕ ನೀಲಿ ತೋರಿಸಬೇಕು.

ನನ್ನ ಜೊಲ್ಲಿಗೆ 37 ಡಿಗ್ರಿಯಲ್ಲಿ 7 ನಿಮಿಷ ಹಿಡಿಯಿತು. ನಿಮಗೆ ಇಷ್ಟೇ ಬರಬೇಕು ಅಂತೇನಿಲ್ಲ. ಜೊಲ್ಲಿನ ಈ ಕಿಣ್ವದ ಹೆಸರು ಅಮೈಲೇಸ್. ಅದನ್ನು ತಯಾರಿಸುವ ಜೀನು ಕೆಲವರಲ್ಲಿ ಎರಡೇ ಪ್ರತಿ ಇರುತ್ತದೆ, ಕೆಲವರಲ್ಲಿ ಹತ್ತಕ್ಕಿಂತ ಜಾಸ್ತಿ. ಹಾಗಾಗಿ ಒಂದೇ ಮನೆಯಲ್ಲೂ ವ್ಯತ್ಯಾಸ ಕಾಣುತ್ತದೆ. ಎರಡೇ ನಿಮಿಷಕ್ಕೆ ಮುಗಿದುಹೋದರೆ ಜೊಲ್ಲಿಗೆ ಇನ್ನೂ ನೀರು ಬೆರೆಸಿ. 37ರಲ್ಲಿ ಐದರಿಂದ ಹತ್ತು ನಿಮಿಷ ಹಿಡಿಯುವಷ್ಟು ತೆಳು ಮಾಡಿಕೊಂಡರೆ ಬೇರೆ ತಾಪಗಳನ್ನು ಹೋಲಿಸಲು ಸುಲಭ. ಒಮ್ಮೆ ಹದ ಸಿಕ್ಕಮೇಲೆ ಎಲ್ಲ ಓಟಕ್ಕೂ ಅದೇ ಲೋಟದ ಜೊಲ್ಲು ಬಳಸಿ.

ಬೀಗ ಯಾವುದು, ಚಾವಿ ಯಾವುದು

ತಾಪ ಬದಲಾಯಿಸುವ ಮೊದಲು ಇದೊಂದು ಸ್ಪಷ್ಟವಾಗಲಿ. 1894ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಎಮಿಲ್ ಫಿಷರ್ ಕಿಣ್ವಕ್ಕೂ ಅದು ಕೆಲಸ ಮಾಡುವ ವಸ್ತುವಿಗೂ ಇರುವ ಸಂಬಂಧ ಬೀಗ ಮತ್ತು ಚಾವಿಯಂಥದ್ದು ಅಂದರು. ಅವರ ಮುಂದೆ ಎರಡು ಸಕ್ಕರೆಯ ಸಂಯುಕ್ತಗಳಿದ್ದವು. ಎರಡರಲ್ಲೂ ಇರುವ ಪರಮಾಣುಗಳು ಅವೇ, ಒಂದು ಕೊಂಡಿ ತಿರುಗಿರುವ ದಿಕ್ಕು ಮಾತ್ರ ಬೇರೆ. ಯೀಸ್ಟಿನ ಕಿಣ್ವ ಒಂದನ್ನು ಒಡೆಯಿತು, ಇನ್ನೊಂದನ್ನು ಮುಟ್ಟಲಿಲ್ಲ. ಬಾದಾಮಿಯ ಕಿಣ್ವ ಸರಿಯಾಗಿ ಅದರ ಉಲ್ಟಾ ಮಾಡಿತು.

ಮಕ್ಕಳು ಸಾಮಾನ್ಯವಾಗಿ ಕಿಣ್ವವೇ ಚಾವಿ ಅಂದುಕೊಳ್ಳುತ್ತಾರೆ, ಕೆಲಸ ಮಾಡುವುದು ಅದೇ ಅಲ್ವಾ ಅಂತ. ಈ ಚಿತ್ರದಲ್ಲಿ ಕಿಣ್ವ ಬೀಗ. ಅದರ ಮೈಯಲ್ಲಿ ಒಂದು ಕುಳಿ ಇದೆ. ಪಿಷ್ಟದ ಸರ ಬಂದು ಆ ಕುಳಿಯಲ್ಲಿ ಕೂರುತ್ತದೆ, ಅದು ಚಾವಿ. ಜೊಲ್ಲಿನ ಅಮೈಲೇಸಿನ ಕುಳಿ ಐದಾರು ಗ್ಲುಕೋಸ್ ಮಣಿ ಹಿಡಿಸುವಷ್ಟು ಉದ್ದ. ಮಣಿಗಳ ನಡುವಿನ ಒಂದು ಕೊಂಡಿ ಅಲ್ಲಿ ಕತ್ತರಿಸಿಹೋಗುತ್ತದೆ. ತುಂಡುಗಳು ಆಚೆ ಹೋಗುತ್ತವೆ, ಬೀಗ ಮೊದಲಿನಂತೆಯೇ ಉಳಿದು ಮುಂದಿನ ಚಾವಿಗೆ ಕಾಯುತ್ತದೆ.

ಈ ಹೊಂದಾಣಿಕೆ ಎಷ್ಟು ಬಿಗಿ ಅಂತ ಒಂದು ಕರ್ಚೀಫಿನಲ್ಲಿ ನೋಡಬಹುದು. ಬಿಳಿ ಕಾಟನ್ ಕರ್ಚೀಫಿಗೆ ಗಂಜಿ ಹಾಕಿ ಒಣಗಿಸಿ ಎರಡು ತುಂಡು ಮಾಡಿ. ಒಂದರ ಮೇಲೆ ತೆಳು ಅಯೋಡಿನ್ ಹನಿ ಬಿಟ್ಟರೆ ನೀಲಿಕಪ್ಪು ಕಲೆ. ಇನ್ನೊಂದನ್ನು ತೆಳು ಜೊಲ್ಲಿನಲ್ಲಿ 37 ಡಿಗ್ರಿಯಲ್ಲಿ ಅರ್ಧ ಗಂಟೆ ನೆನೆಸಿ, ತೊಳೆದು, ಹನಿ ಬಿಡಿ. ಈಗ ಬರೀ ಕಂದು ಕಲೆ. ಗಂಜಿ ಕರಗಿಹೋಗಿದೆ, ಬಟ್ಟೆಯ ಬಿರುಸು ಹೋಗಿ ಮೆತ್ತಗಾಗಿದೆ. ಒಂದು ಎಳೆ ಎಳೆದು ನೋಡಿ, ದಾರ ಮಾತ್ರ ಮೊದಲಿನಷ್ಟೇ ಗಟ್ಟಿ.

ಹತ್ತಿಯ ದಾರ ಸೆಲ್ಯುಲೋಸ್. ಅದೂ ಗ್ಲುಕೋಸ್ ಮಣಿಗಳ ಸರವೇ. ಗಂಜಿಯಲ್ಲಿರುವ ಮಣಿಯೂ ಹತ್ತಿಯಲ್ಲಿರುವ ಮಣಿಯೂ ಒಂದೇ. ಮಣಿಗೂ ಮಣಿಗೂ ನಡುವಿನ ಕೊಂಡಿಯ ದಿಕ್ಕು ಮಾತ್ರ ಬೇರೆ, ಅದರಿಂದ ಪಿಷ್ಟದ ಸರ ಸುರುಳಿಯಾಗುತ್ತದೆ, ಸೆಲ್ಯುಲೋಸಿನ ಸರ ನೆಟ್ಟಗೆ ಕೋಲಿನಂತೆ ನಿಲ್ಲುತ್ತದೆ. ಅಮೈಲೇಸಿನ ಕುಳಿಗೆ ಆ ನೆಟ್ಟಗಿನ ಸರ ಹೊಂದುವುದೇ ಇಲ್ಲ. ಜವಳಿ ಗಿರಣಿಗಳಲ್ಲಿ ನೇಯುವ ಮೊದಲು ಹಾಸಿನ ನೂಲಿಗೆ ಹಚ್ಚಿದ ಗಂಜಿಯನ್ನು ಆಮೇಲೆ ತೆಗೆಯಲು ಅಮೈಲೇಸನ್ನೇ ಬಳಸುತ್ತಾರೆ. ಗಂಜಿ ಹೋಗಬೇಕು, ಬಟ್ಟೆ ಉಳಿಯಬೇಕು. ಆಸಿಡ್ ಹಾಕಿದರೆ ನೂಲಿಗೂ ಏಟು ಬೀಳುತ್ತದೆ.

ಈ ಚಿತ್ರಕ್ಕೆ ಒಂದು ಮಿತಿಯೂ ಇದೆ. ನಿಜವಾದ ಬೀಗ ಅಲ್ಲಾಡದ ಕಬ್ಬಿಣ, ಕಿಣ್ವ ಹಾಗಲ್ಲ. ವಸ್ತು ಬಂದು ಕೂತಾಗ ಕುಳಿ ತುಸು ಮಿಸುಕಿ ಅದನ್ನು ಅಪ್ಪಿಕೊಳ್ಳುತ್ತದೆ, ಕೈ ತೂರಿದಾಗ ಕೈಗವಸು ಆಕಾರ ತಳೆಯುವಂತೆ. 1958ರಲ್ಲಿ ಡೇನಿಯಲ್ ಕೋಶ್ಲ್ಯಾಂಡ್ ಈ ತಿದ್ದುಪಡಿ ಸೇರಿಸಿದರು. ಈ ಮಿಸುಕಾಟವನ್ನು ನೆನಪಿಡಿ, ತಾಪದ ವಿಷಯಕ್ಕೆ ಇದು ಬೇಕಾಗುತ್ತದೆ.

ತಣ್ಣಗೆ ಮಾಡಿದರೆ

ಈಗ ಅದೇ ಓಟವನ್ನು ಕೋಣೆಯ ತಾಪದಲ್ಲಿ ಮಾಡಿ. ನಾವು ಮಾಡಿದ್ದು ಜನವರಿಯಲ್ಲಿ, ಅಡುಗೆಮನೆಯಲ್ಲಿ 22 ಡಿಗ್ರಿ ಇತ್ತು. 7 ನಿಮಿಷದ ಕೆಲಸಕ್ಕೆ 20 ನಿಮಿಷ ಹಿಡಿಯಿತು. ಆಮೇಲೆ ಐಸ್ ತುಂಡು ಹಾಕಿದ ನೀರು, 4 ಡಿಗ್ರಿ. ಇಲ್ಲಿ ನಿಮಿಷಕ್ಕೊಂದು ಹನಿ ಬೇಡ, ಐದು ನಿಮಿಷಕ್ಕೊಂದು ಸಾಕು. ಅರ್ಧ ಗಂಟೆ ಆದರೂ ಹನಿ ನೀಲಿಯೇ. ಮಕ್ಕಳು ಬೇಸರಪಟ್ಟು "ಇದು ಸತ್ತುಹೋಗೇದ ಮೌಶಿ" ಅಂದರು.

ಬಾಟಲಿಯನ್ನು ಚೆಲ್ಲಬೇಡಿ. ಐಸ್ ನೀರಿನಿಂದ ತೆಗೆದು 37 ಡಿಗ್ರಿ ನೀರಿಗೆ ಇಡಿ. ನಮ್ಮದು ನಾಲ್ಕು ನಿಮಿಷಕ್ಕೆ ಮುಗಿಯಿತು. ಏಳಲ್ಲ, ನಾಲ್ಕು! ಐಸಿನಲ್ಲಿದ್ದ ಅರ್ಧ ಗಂಟೆಯಲ್ಲಿ ಅದು ಸುಮಾರು ಅರ್ಧದಷ್ಟು ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸಿತ್ತು.

ಲೆಕ್ಕವೂ ಹೊಂದುತ್ತದೆ. ಕಿಣ್ವದ ಕೆಲಸ ಸಾಮಾನ್ಯವಾಗಿ ಪ್ರತಿ 10 ಡಿಗ್ರಿಗೆ ಹತ್ತಿರ ಹತ್ತಿರ ಎರಡು ಪಟ್ಟು ಬದಲಾಗುತ್ತದೆ. 37ರಿಂದ 4ಕ್ಕೆ ಇಳಿದರೆ 33 ಡಿಗ್ರಿ, ಅಂದರೆ ಅರ್ಧ, ಅರ್ಧದ ಅರ್ಧ, ಮತ್ತೆ ಅದರ ಅರ್ಧ, ಇನ್ನೂ ಸ್ವಲ್ಪ. ಸುಮಾರು ಹತ್ತನೇ ಒಂದು ಪಾಲು ವೇಗ. 7 ನಿಮಿಷದ ಕೆಲಸಕ್ಕೆ 70 ನಿಮಿಷ. 30 ನಿಮಿಷದಲ್ಲಿ ಅರ್ಧಕ್ಕೆ ಹತ್ತಿರ. ಇದು ಕೈಅಂದಾಜು, ಎಲ್ಲ ಕಿಣ್ವಕ್ಕೂ ಸರಿಯಾಗಿ ಎರಡೇ ಇರುವುದಿಲ್ಲ, ಆದರೂ ನಿಮ್ಮ ಅಂಕಿ ತೀರಾ ಹೊರಗೆ ಬಿದ್ದರೆ ಎಲ್ಲೋ ತಪ್ಪಾಗಿದೆ ಅಂತ ಗೊತ್ತಾಗುತ್ತದೆ.

ಹತ್ತು ಡಿಗ್ರಿಗೆ ಎರಡು ಪಟ್ಟು ಯಾಕೆ? ಬಿಸಿಯಾದರೆ ಅಣುಗಳು ಜೋರಾಗಿ ಓಡುತ್ತವೆ, ಜಾಸ್ತಿ ಡಿಕ್ಕಿಯಾಗುತ್ತವೆ ಅಂತ ಬಹಳ ಕಡೆ ಬರೆದಿರುತ್ತದೆ. ಅದು ಸುಳ್ಳಲ್ಲ, ಆದರೆ ಅಷ್ಟಕ್ಕೆ ಲೆಕ್ಕ ಕೂಡುವುದಿಲ್ಲ. 27ರಿಂದ 37 ಡಿಗ್ರಿಗೆ ಹೋದರೆ ಅಣುಗಳ ಸರಾಸರಿ ವೇಗ ನೂರಕ್ಕೆ ಎರಡರಷ್ಟೂ ಏರುವುದಿಲ್ಲ. ಎರಡು ಪಟ್ಟು ಆಗುವುದು ಬೇರೆ ಒಂದು ಸಂಖ್ಯೆ.

ನಾವು ಪುಣೆಯಿಂದ ಧಾರವಾಡಕ್ಕೆ ಹೊರಟಾಗ ಕಾತ್ರಜ್ ಘಾಟ್ ದಾಟುತ್ತೇವೆ. ಹಳೆಯ ರಸ್ತೆ ಸುತ್ತಿ ಸುತ್ತಿ ಹತ್ತಿ ಮೇಲಿನ ಹಳೇ ಸುರಂಗ ಸೇರುತ್ತದೆ. ಹೊಸ ಹೆದ್ದಾರಿ ಕೆಳಗೇ ಗುಡ್ಡ ಕೊರೆದ ಸುರಂಗದಲ್ಲಿ ಹೋಗುತ್ತದೆ. ಎರಡೂ ಕಡೆಯ ಊರುಗಳ ಎತ್ತರ ಬದಲಾಗಿಲ್ಲ, ನಡುವಿನ ಏರು ಮಾತ್ರ ತಗ್ಗಿದೆ. ಕಿಣ್ವ ಮಾಡುವುದು ಇದನ್ನೇ. ಪಿಷ್ಟದ ಕೊಂಡಿ ಮುರಿಯಲು ಒಂದು ಏರು ದಾಟಬೇಕು. ಕಿಣ್ವವಿಲ್ಲದ ಬಾಟಲಿಯಲ್ಲಿ ಏರು ಎಷ್ಟು ಎತ್ತರ ಅಂದರೆ ದಾಟುವ ಅಣು ಇಲ್ಲವೇ ಇಲ್ಲ ಅನ್ನಬೇಕು. ಕಿಣ್ವದ ಕುಳಿಯಲ್ಲಿ ಏರು ತಗ್ಗುತ್ತದೆ, ಆದರೂ ಸ್ವಲ್ಪ ಉಳಿದಿರುತ್ತದೆ. ಆ ಉಳಿದ ಏರನ್ನು ದಾಟುವಷ್ಟು ಕಸುವು ಯಾವುದೇ ಕ್ಷಣದಲ್ಲಿ ಕೆಲವೇ ಅಣುಗಳಿಗೆ ಇರುತ್ತದೆ. ಹತ್ತು ಡಿಗ್ರಿ ಬಿಸಿ ಏರಿದರೆ ಸರಾಸರಿ ಅಣು ಅಷ್ಟೇನೂ ಬದಲಾಗುವುದಿಲ್ಲ, ಆದರೆ ಕಸುವುಳ್ಳ ಆ ಕೆಲವರ ಸಂಖ್ಯೆ ಎರಡು ಪಟ್ಟಾಗುತ್ತದೆ. ತಂಪಿನಲ್ಲಿ ಆ ಸಂಖ್ಯೆ ಇಳಿಯುತ್ತದೆ, ಅಷ್ಟೇ. ಬೀಗಕ್ಕೆ ಏನೂ ಆಗಿರುವುದಿಲ್ಲ. ಪುಣೆಯ ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರಲು ತಡಮಾಡುವುದರ ಹಿಂದೆಯೂ ಬಹುಮಟ್ಟಿಗೆ ಇದೇ ಲೆಕ್ಕ ಇದೆ, ಅಲ್ಲಿ ಕಿಣ್ವಗಳು ಸೂಕ್ಷ್ಮಜೀವಿಗಳ ಮೈಯೊಳಗೆ ದುಡಿಯುತ್ತಿರುತ್ತವೆ.

ಕುದಿಸಿದರೆ

ಒಂದು ಬಾಟಲಿ ತೆಳು ಜೊಲ್ಲನ್ನು ಕುದಿಯುವ ನೀರಲ್ಲಿ ಹತ್ತು ನಿಮಿಷ ಇಡಿ. ಮುಚ್ಚಳ ಬಿಗಿಯಬೇಡಿ, ಆವಿಗೆ ಸಿಡಿಯಬಹುದು. ತೆಗೆದು 37ಕ್ಕೆ ತಣಿಸಿ, ಆಮೇಲೆ 37ರಲ್ಲೇ ಇರುವ ಗಂಜಿಗೆ ಬೆರೆಸಿ. ಏಳು ನಿಮಿಷಕ್ಕೆ ನೀಲಿ. ಅರ್ಧ ಗಂಟೆಗೂ ನೀಲಿ. ನಾವು ಒಂದು ಗಂಟೆ ಕಾದೆವು, ಆಗಲೂ ನೀಲಿ.

ಐಸಿನ ಬಾಟಲಿ 37ಕ್ಕೆ ಬಂದಾಗ ಎದ್ದು ಕೂತಿತು. ಕುದಿಸಿದ್ದು 37ಕ್ಕೆ ಬಂದರೂ ಏಳಲಿಲ್ಲ. ಈ ಎರಡು ಬಾಟಲಿಗಳನ್ನು ಅಕ್ಕಪಕ್ಕ ಇಟ್ಟು ಮಕ್ಕಳಿಗೆ ತೋರಿಸಿ, ನನ್ನ ಮಟ್ಟಿಗೆ ಇಡೀ ಪ್ರಯೋಗದ ಜೀವ ಇಲ್ಲೇ ಇದೆ.

ಕುದಿಸಿದಾಗ ಹೋಗಿದ್ದು ಏನು? ಜೊಲ್ಲಿನ ಅಮೈಲೇಸ್ ಒಂದು ಪ್ರೋಟೀನ್, 496 ಅಮೈನೋ ಆಮ್ಲಗಳ ಒಂದೇ ಸರ. ಆ ಸರ ಮಡಚಿ, ಸುತ್ತಿ, ಉಂಡೆಯಾಗಿದೆ. ಕುಳಿಯಲ್ಲಿ ಕೊಂಡಿ ಕತ್ತರಿಸುವ ಕೆಲಸಕ್ಕೆ ಮುಖ್ಯವಾದವು ಮೂರು ಅಮೈನೋ ಆಮ್ಲಗಳು. ಸರದಲ್ಲಿ ಅವುಗಳ ಜಾಗ 197, 233 ಮತ್ತು 300.

ಮನೆಯಲ್ಲಿ ಉದ್ದದ ಮಣಿಸರ ಇದ್ದರೆ ತೆಗೆದುಕೊಳ್ಳಿ. ದೂರ ದೂರದ ಮೂರು ಮಣಿಗೆ ಕೆಂಪು ದಾರ ಕಟ್ಟಿ. ಸರವನ್ನು ನೆಟ್ಟಗೆ ಹಿಡಿದರೆ ಆ ಮೂರಕ್ಕೂ ಸಂಬಂಧವೇ ಇಲ್ಲ. ಈಗ ಸರವನ್ನು ಅಂಗೈಯಲ್ಲಿ ಸುತ್ತಿ, ಮೂರೂ ಕೆಂಪು ಮಣಿ ಒಂದು ಕಡೆ ಸೇರುವಂತೆ ಉಂಡೆ ಮಾಡಿ. ಆ ಮೂರು ಸೇರಿದ ಜಾಗವೇ ಬೀಗದ ಕುಳಿ. ಕೈ ಸಡಿಲಿಸಿದರೆ ಉಂಡೆ ಬಿಚ್ಚಿಕೊಳ್ಳುತ್ತದೆ, ಕೆಂಪು ಮಣಿಗಳು ದೂರವಾಗುತ್ತವೆ. ಒಂದು ಮಣಿಯೂ ಕಳೆದಿಲ್ಲ, ಸರ ಹರಿದಿಲ್ಲ, ಆದರೂ ಕುಳಿ ಇಲ್ಲ.

ಉಂಡೆಯನ್ನು ಹಿಡಿದಿಟ್ಟಿರುವುದು ಸಣ್ಣ ಸಣ್ಣ ದುರ್ಬಲ ಕೊಂಡಿಗಳು. ಒಂದೊಂದೂ ಬಲಹೀನ, ನೂರಾರು ಸೇರಿದಾಗ ಗಟ್ಟಿ. 37ರಲ್ಲಿ ಉಂಡೆ ತುಸು ಮಿಸುಕುತ್ತದೆ, ಅಪ್ಪಿಕೊಳ್ಳಲು ಅಷ್ಟು ಮಿಸುಕಾಟ ಬೇಕು. ಬಿಸಿ ಏರಿದಂತೆ ಮಿಸುಕಾಟ ಜಾಸ್ತಿಯಾಗಿ, ಒಂದು ಹಂತದಲ್ಲಿ ಕೊಂಡಿಗಳು ಸಾಲಾಗಿ ಬಿಡುತ್ತವೆ. ಬಿಚ್ಚಿಕೊಂಡ ಸರಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡರೆ ತಣ್ಣಗಾದರೂ ಮೊದಲಿನ ಮಡಿಕೆಗೆ ಬರಲಾರವು. ಬೆಂದ ಮೊಟ್ಟೆಯ ಬಿಳಿ ಫ್ರಿಜ್‌ನಲ್ಲಿಟ್ಟರೂ ನೀರಾಗದಿರುವುದು ಇದಕ್ಕೇ.

50, 60 ಡಿಗ್ರಿಗಳಲ್ಲಿ ಆಗುವುದು

ಇಲ್ಲಿ ಅವಸರ ಮಾಡಬೇಡಿ, ಪುಸ್ತಕದ ಒಂದು ಸಾಲನ್ನು ಇಲ್ಲಿ ಪರೀಕ್ಷಿಸಬಹುದು. ಜೊಲ್ಲಿನ ಅಮೈಲೇಸಿಗೆ ಅತ್ಯುತ್ತಮ ತಾಪ 37 ಅಂತ ಬಾಯಿಪಾಠ ಮಾಡಿಸುತ್ತಾರೆ. ನಾವು 50ರಲ್ಲಿ ಓಡಿಸಿದಾಗ 5 ನಿಮಿಷಕ್ಕೆ ಮುಗಿಯಿತು, 37ಕ್ಕಿಂತ ಬೇಗ. ಮಕ್ಕಳು ನನ್ನ ಮುಖ ನೋಡಿದರು. ಪ್ರಯೋಗ ತಪ್ಪಾಗಿರಲಿಲ್ಲ.

60ಕ್ಕೆ ನಮ್ಮ ತಾರಸಿಯ ಸೋಲಾರ್ ನೀರೇ ಸಾಕಾಯಿತು. ಮೊದಲ ಎರಡು ನಿಮಿಷ ಬಣ್ಣ ಸರಸರನೆ ನೀಲಿಯಿಂದ ನೇರಳೆಗೆ ಇಳಿಯಿತು. ಆಮೇಲೆ ಅಲ್ಲೇ ನಿಂತುಬಿಟ್ಟಿತು. ಇಪ್ಪತ್ತು ನಿಮಿಷಕ್ಕೂ ಅದೇ ನೇರಳೆ.

ಬಿಸಿ ಒಂದೇ ಹೊತ್ತಿಗೆ ಎರಡು ಕೆಲಸ ಮಾಡುತ್ತದೆ. ಇನ್ನೂ ಉಳಿದಿರುವ ಪ್ರತಿ ಬೀಗವನ್ನು ವೇಗವಾಗಿ ದುಡಿಸುತ್ತದೆ, ಜೊತೆಜೊತೆಗೇ ಬೀಗಗಳನ್ನು ಒಂದೊಂದಾಗಿ ಕೆಡಿಸುತ್ತದೆ. ಅಲ್ಪ ಹೊತ್ತು ಮಾತ್ರ ನೋಡಿದರೆ ಮೊದಲನೆಯದೇ ಗೆಲ್ಲುತ್ತದೆ, ಬಿಸಿಯ ಬಾಟಲಿ ಮುಂದಿರುತ್ತದೆ. ತುಂಬಾ ಹೊತ್ತು ಕಾದರೆ ಎರಡನೆಯದು ಗೆಲ್ಲುತ್ತದೆ. ಅಂದರೆ ಅತ್ಯುತ್ತಮ ತಾಪ ಅನ್ನುವುದು ಕಿಣ್ವದ ಮೈಮೇಲೆ ಬರೆದಿಟ್ಟ ಅಂಕಿ ಅಲ್ಲ. ನೀವು ಎಷ್ಟು ನಿಮಿಷ ಕಾಯುತ್ತೀರಿ ಅನ್ನುವುದರ ಮೇಲೆ ಅದು ಜರುಗುತ್ತದೆ. ಪುಸ್ತಕದ 37 ನಮ್ಮ ಮೈಯ ತಾಪ. ಅಲ್ಲಿ ಕಿಣ್ವ ಬಹಳ ಹೊತ್ತು ಕೆಡದೆ ದುಡಿಯುತ್ತದೆ.

ಇದನ್ನು ಖಚಿತ ಮಾಡಿಕೊಳ್ಳಲು ಗಂಜಿ ಇಲ್ಲದೆ ಜೊಲ್ಲನ್ನು ಮಾತ್ರ 60ರಲ್ಲಿ ಇಡಿ. ಒಂದು ಬಾಟಲಿ ಒಂದು ನಿಮಿಷ, ಇನ್ನೊಂದು ಹತ್ತು ನಿಮಿಷ. ಎರಡನ್ನೂ ತಕ್ಷಣ ಐಸ್ ನೀರಲ್ಲಿ ಅದ್ದಿ, 37ಕ್ಕೆ ತಂದು ಗಂಜಿ ಬೆರೆಸಿ. ನಮ್ಮಲ್ಲಿ ಒಂದು ನಿಮಿಷದ್ದು ತಡವಾಗಿಯಾದರೂ ಕೆಲಸ ಮುಗಿಸಿತು. ಹತ್ತು ನಿಮಿಷದ್ದು ನೀಲಿಯಲ್ಲೇ ಉಳಿಯಿತು. ನೋಟ್‌ಬುಕ್ಕಿನಲ್ಲಿ ತಾಪದ ಪಕ್ಕ ಹೊತ್ತನ್ನೂ ಬರೆಯಿಸಿ. 60 ಡಿಗ್ರಿ ಅಂತ ಮಾತ್ರ ಬರೆದರೆ ಅರ್ಧ ಮಾಹಿತಿ ಬಿಟ್ಟಂತೆ.

ಒಂದು ಎಚ್ಚರಿಕೆ. ನಿಮ್ಮ ಜೊಲ್ಲಿನಲ್ಲಿ ಕಂಡದ್ದನ್ನು ಎಲ್ಲ ಕಿಣ್ವಕ್ಕೂ ಅನ್ವಯಿಸಬೇಡಿ. ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಅನ್ನುವ ಬ್ಯಾಕ್ಟೀರಿಯಾದ ಅಮೈಲೇಸ್ 90 ಡಿಗ್ರಿಯಲ್ಲೂ ಕೆಲಸ ಮಾಡುತ್ತದೆ. ಅದೂ ಪಿಷ್ಟದ ಸರವನ್ನೇ ಕತ್ತರಿಸುತ್ತದೆ, ಉಂಡೆಯ ಮಡಿಕೆ ಮಾತ್ರ ಬಹಳ ಬಿಗಿ. ಬಿಸಿ ನೀರಲ್ಲಿ ಬಟ್ಟೆಯ ಗಂಜಿ ತೆಗೆಯುವ ಗಿರಣಿಗಳಿಗೆ ಇಂಥದ್ದೇ ಬೇಕು. ಬಟ್ಟೆ ಒಗೆಯುವ ಪುಡಿಯ ಪೊಟ್ಟಣದ ಮೇಲೆ ಕಿಣ್ವ ಇದೆ ಅಂತ ಬರೆದಿದ್ದರೆ, ಎಷ್ಟು ಬಿಸಿಯ ನೀರು ಅಂತಲೂ ಅಲ್ಲೇ ಹೇಳಿರುತ್ತಾರೆ, ಅದನ್ನೇ ಪಾಲಿಸಿ. ಕುದಿನೀರು ಸುರಿದರೆ ಜಾಸ್ತಿ ಸ್ವಚ್ಛವಾಗುತ್ತದೆ ಅಂದುಕೊಂಡು ಅದರ ಬೀಗಗಳನ್ನು ಬಕೆಟ್ಟಿನಲ್ಲೇ ಬಿಚ್ಚಿಹಾಕುವುದು ಬೇಡ.

ಎಲ್ಲ ಮುಗಿದಮೇಲೆ ಬಾಟಲಿ, ಮುಚ್ಚಳಗಳನ್ನು ಸೋಪಿನಲ್ಲಿ ತೊಳೆದು ಪ್ರಯೋಗಕ್ಕೆಂದೇ ಬೇರೆ ಎತ್ತಿಡಿ. ಬೆರಳಿಗೆ ಅಂಟಿದ ಅಯೋಡಿನ್ ಕಲೆ ಹೋಗದಿದ್ದರೆ ಒಂದು ನಿಂಬೆ ಹೋಳು ಉಜ್ಜಿ. ಆ ಹುಡುಗ ಕಲೆ ಮಾಯವಾಗುವುದನ್ನು ನೋಡಿ "ಇದೂ ಕಿಣ್ವ ಏನ್ರಿ ಮೌಶಿ?" ಅಂತ ಕೇಳಿದ. ಅಲ್ಲ ಅಂದೆ, ಸಿ ಜೀವಸತ್ವ. ಅವನು ನಂಬಲಿಲ್ಲ. ನಿಂಬೆರಸವನ್ನು ಹತ್ತು ನಿಮಿಷ ಕುದಿಸಿ, ತಣಿಸಿ, ಅಯೋಡಿನ್ ಹನಿಯ ಮೇಲೆ ಬಿಟ್ಟು ನೋಡಿದ. ಬಣ್ಣ ಹೋಯಿತು. ಕುದಿಸಿದರೂ ಕೆಲಸ ನಿಲ್ಲಲಿಲ್ಲ ಅಂತ ತಾನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.